ಸಹಾಯ ಬೇಕು: ಸ್ಪ್ಯಾನಿಷ್ ಮೆನು ತಿದ್ದಬೇಕು

ವಲೆನ್ಸಿಯಾದಲ್ಲಿ ಹೋಟೆಲ್ ನಡೆಸುವ ಅಣ್ಣ ಒಬ್ಬರು ಮೆನುವನ್ನು ತಾವೇ ಸ್ಪ್ಯಾನಿಷ್‌ಗೆ ಅನುವಾದಿಸಿದ್ದಾರೆ, ನಾನು ತಿದ್ದುತ್ತಿದ್ದೇನೆ. ನಾಳೆ ಪ್ರಿಂಟ್‌ಗೆ ಹೋಗಬೇಕು.

ಖಾರದ ಕೋಳಿಗೆ 'ಪೋಯೋ ಕಾಲಿಯೆಂತೆ' ಅಂತ ಇತ್ತು. ಅದು ಬರೀ ಬಿಸಿ ಕೋಳಿ ಅಂತಾಗುತ್ತದೆ, ಅದಕ್ಕೇ 'ಪಿಕಾಂತೆ' ಮಾಡಿದೆ. ಅನ್ನ ಅಲ್ಲಿ ಪುಲ್ಲಿಂಗ, ಹಾಗಾಗಿ 'ಅರ್ರೋಸ್ ಬ್ಲಾಂಕಾ' ಹೋಗಿ 'ಬ್ಲಾಂಕೋ' ಆಯ್ತು. ಎಲ್ಲ ಪದಕ್ಕೂ ಕ್ಯಾಪಿಟಲ್ ಅಕ್ಷರ ಹಾಕಿದ್ದರು, ಸ್ಪ್ಯಾನಿಷ್‌ನಲ್ಲಿ ತಿಂಡಿ ಹೆಸರಿನ ಮೊದಲ ಪದಕ್ಕೆ ಮಾತ್ರ ಸಾಕು ಅಲ್ವಾ, 'ಮೈಸೂರು' ಊರಿನ ಹೆಸರು ಅಂತ ಹಾಗೇ ಬಿಟ್ಟೆ.

ಸಿಕ್ಕಿಕೊಂಡಿರುವುದು ದೋಸೆಯಲ್ಲಿ. ಕೊನೆಯಲ್ಲಿ 'ಆ' ಇದೆ ಅಂತ ಸ್ತ್ರೀಲಿಂಗ ಮಾಡಿ 'ದೋಸಾ ರೆಯೆನಾ ದೆ ಪತಾತಾ' ಬರೆದಿದ್ದೇನೆ. ಇಡ್ಲಿ ಯಾವ ಲಿಂಗ? 'ಎಲ್ ಇಡ್ಲಿ'ಯೋ 'ಲಾ ಇಡ್ಲಿ'ಯೋ? ಸ್ಪೇನ್‌ನಲ್ಲಿ ಇರುವವರು, ಅಲ್ಲಿನ ಜನ ಆರ್ಡರ್ ಮಾಡುವಾಗ ಏನನ್ನುತ್ತಾರೆ ಅಂತ ದಯವಿಟ್ಟು ಇವತ್ತೇ ತಿಳಿಸಿ.