ಸಹಾಯ ಬೇಕು: 84 ಸ್ಕ್ಯಾನ್ ಪುಟಗಳ ಒಂದೇ ಕೋಷ್ಟಕವನ್ನು ಜೋಡಿಸುವುದು ಹೇಗೆ?

ನಮ್ಮೂರಿನ ಸಹಕಾರ ಸಂಘದ ಹಳೆಯ ಷೇರು ಪುಸ್ತಕವನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್‌ನಿಂದ ಓದಿಸಿ, ಪುಟಕ್ಕೊಂದು ಸಿಎಸ್‌ವಿ ಕಡತ ಮಾಡಿಕೊಂಡಿದ್ದೇನೆ. ಕಾಲಂಗಳು ನಾಲ್ಕು: ಕ್ರಮ ಸಂಖ್ಯೆ, ಸದಸ್ಯರ ಹೆಸರು, ಊರು, ಮೊತ್ತ.

ಪ್ರತಿ ಪುಟದಲ್ಲೂ ಬರುವ ಶೀರ್ಷಿಕೆ ಸಾಲು ಒಂದೊಂದು ಕಡೆ ಒಂದೊಂದು ರೀತಿ ತಪ್ಪಾಗಿ ಓದಿಬಂದಿದೆ. ಹಾಗಾಗಿ ನಿಖರ ಹೋಲಿಕೆ ಬಿಟ್ಟು, ಪುಟದ ಮೊದಲ ಮೂರು ಸಾಲುಗಳಲ್ಲಿ ಮಾತ್ರ ಹೀಗೆ ಹುಡುಕಿ ತೆಗೆದೆ:

```python
fuzz.ratio(row_text, header_text) > 75
```

ಅದು ಸರಿಹೋಯಿತು. ತೊಡಕಿರುವುದು ಪುಟದ ಅಂಚಿನಲ್ಲಿ. 41ನೇ ಪುಟದ ಕೊನೆಯ ಸಾಲು ಸದಸ್ಯರ ಹೆಸರು ಮತ್ತು 'ಬಿನ್' ಎಂಬಲ್ಲಿಗೆ ನಿಂತಿದೆ. ತಂದೆಯ ಹೆಸರು 42ನೇ ಪುಟದ ತಲೆಯಲ್ಲಿದೆ. ಕ್ರಮ ಸಂಖ್ಯೆ ಖಾಲಿಯಿರುವ ಸಾಲನ್ನು ಹಿಂದಿನದಕ್ಕೆ ಸೇರಿಸಿದೆ. ಆಗ ಮಾಸಿದ ಸಂಖ್ಯೆಯ ಬೇರೆ ಸದಸ್ಯರೂ ಹಿಂದಿನವರ ಹೆಸರಿನೊಳಗೆ ಕರಗಿಹೋದರು. ಒಬ್ಬ ಸದಸ್ಯರೂ ಹಾಗೆ ಕಳೆದುಹೋಗಬಾರದು.

ಈಗ ಸಂಖ್ಯೆ, ಮೊತ್ತ ಎರಡೂ ಖಾಲಿಯಿದ್ದರೆ ಮಾತ್ರ ಸೇರಿಸುತ್ತಿದ್ದೇನೆ. ಆದರೆ ಮೊತ್ತವೂ ಮಾಸಿರುವ ಸಾಲುಗಳಿವೆ. ಪುಟದ ಕೊನೆಯಲ್ಲಿ 'ಮುಂದಕ್ಕೆ ಒಯ್ದದ್ದು', ಮುಂದಿನ ಪುಟದ ತಲೆಯಲ್ಲಿ 'ಹಿಂದಿನಿಂದ ತಂದದ್ದು' ಎಂಬ ಮೊತ್ತಗಳಿವೆ. ಅವನ್ನು ಅಳಿಸದೆ ಬೇರೆ ಕಡತದಲ್ಲಿಟ್ಟು, ಪುಟದ ಲೆಕ್ಕ ತಾಳೆಯಾಗದಿದ್ದರೆ ಆ ಪುಟವನ್ನು ಕಣ್ಣಿನಿಂದ ನೋಡುವ ಯೋಚನೆಯಿದೆ.

ಇಂಥ ಪುಸ್ತಕ ಜೋಡಿಸಿದವರು ಹೇಳಿ: ಮುಂದುವರಿದ ಸಾಲನ್ನು ಗುರುತಿಸಲು ಅಡ್ಡಗೆರೆಯ ಸ್ಥಾನವನ್ನು ಚಿತ್ರದಿಂದಲೇ ತೆಗೆಯಬಹುದೇ? ಪುಟ ಓರೆಯಾಗಿದ್ದರೆ ಅದು ನಂಬಲರ್ಹವೇ?