ಪದಚರ್ಚೆ: ‘ಪ್ರಾಕ್ಸಿ’ಗೆ, ‘ಲೇಜಿ ಲೋಡಿಂಗ್‌’ಗೆ ಕನ್ನಡದಲ್ಲಿ ಏನನ್ನೋಣ?

ಕುಶಾಲನಗರದಿಂದ, ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡುವವರು

ಎಲ್ಲರಿಗೂ ನಮಸ್ಕಾರ. ಪ್ರೋಗ್ರಾಮಿಂಗ್ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈಗ ಪ್ರಾಕ್ಸಿ ಪ್ಯಾಟರ್ನ್ ಪಾಠಕ್ಕೆ ಬಂದಿದ್ದೇನೆ. ಒಂದು ಭಾರದ ಆಬ್ಜೆಕ್ಟ್ ಇರುತ್ತದೆ. ಅದನ್ನು ತಯಾರು ಮಾಡಲು ಸಮಯ ಬೇಕು, ಮೆಮೊರಿ ಬೇಕು. ಅದರ ಜಾಗದಲ್ಲಿ ಒಂದು ಹಗುರವಾದ ಆಬ್ಜೆಕ್ಟ್ ನಿಲ್ಲಿಸುತ್ತೇವೆ. ಉಳಿದ ಪ್ರೋಗ್ರಾಮ್ ಅದನ್ನೇ ಅಸಲಿ ಅಂದುಕೊಂಡು ಕೆಲಸ ಹೇಳುತ್ತದೆ. ನಿಜಕ್ಕೂ ಬೇಕಾದಾಗ ಮಾತ್ರ ಅದು ಅಸಲಿಯನ್ನು ಲೋಡ್ ಮಾಡುತ್ತದೆ. ಹೀಗೆ ಬೇಕಾಗುವವರೆಗೆ ಲೋಡ್ ಮಾಡದೆ ಇರುವುದಕ್ಕೇ ‘ಲೇಜಿ ಲೋಡಿಂಗ್’ ಅನ್ನುವುದು.

ನನ್ನ ಕಷ್ಟ ಇಷ್ಟು. ನಮ್ಮ ಮಕ್ಕಳಿಗೆ ‘ಪ್ರಾಕ್ಸಿ’ ಅಂದರೆ ಹಾಜರಿ ಕರೆಯುವಾಗ ಗೆಳೆಯನ ಪರವಾಗಿ ‘ಎಸ್ ಸಾರ್’ ಅನ್ನುವುದು. ಪರೀಕ್ಷೆಯಲ್ಲೂ ‘ಇಲ್ಲದ್ದನ್ನು ಇದೆ ಅಂತ ತೋರಿಸೋದು’ ಅಂತ ಬರೆಯುತ್ತಾರೆ. ಅರ್ಧ ಸರಿ. ಆದರೆ ಆ ಗೆಳೆಯ ಕ್ಲಾಸಿಗೆ ಬರುವುದೇ ಇಲ್ಲ. ನಮ್ಮ ಪ್ರಾಕ್ಸಿ ಅಸಲಿಯನ್ನು ಹೊತ್ತಿಗೆ ಸರಿಯಾಗಿ ಕರೆತರಲೇಬೇಕು. ಇನ್ನು ‘ಸೋಮಾರಿ ಲೋಡಿಂಗ್’ ಅಂದರೆ ಏನೋ ದೋಷದ ಹಾಗೆ ಕೇಳುತ್ತದೆ. ಒಳ್ಳೆಯ ಪದ ಯಾರಿಗಾದರೂ ಹೊಳೆಯುತ್ತದೆಯೇ?

ವಿರಾಜಪೇಟೆಯಿಂದ, ನಿವೃತ್ತ ಕನ್ನಡ ಮೇಷ್ಟ್ರು

‘ಬದಲಿ’ ಅನ್ನಿ, ಸಾಕು. ಬದಲಿ ಮೇಷ್ಟ್ರು, ಬದಲಿ ಡ್ರೈವರ್ ಎಲ್ಲರಿಗೂ ಗೊತ್ತು. ಅಸಲಿಯ ಒಂದು ಸಣ್ಣ ನಕಲು ಮುಂದೆ ಇರುತ್ತದೆ ಅಂತ ನನಗೆ ಅರ್ಥವಾಯಿತು. ಹಾಗಿದ್ದರೆ ‘ನಕಲು ವಸ್ತು’ ಕೂಡ ಆಗಬಹುದು.

ನಮ್ಮ ಕಾಫಿ ತೋಟಗಳ ರೈಟ್ರನ್ನೇ ನೋಡಿ. ಸಾಹುಕಾರ್ರು ಬೆಂಗಳೂರಿನಲ್ಲಿ ಇರುತ್ತಾರೆ. ಲೈನ್ ಮನೆಯವರು ಏನು ಕೇಳಬೇಕಿದ್ದರೂ ರೈಟ್ರನ್ನು ಕೇಳುತ್ತಾರೆ. ಪುಸ್ತಕದಲ್ಲಿ ಇರುವುದಕ್ಕೆ ಅವರೇ ಉತ್ತರ ಕೊಡುತ್ತಾರೆ. ದೊಡ್ಡ ವಿಷಯ ಬಂದರೆ ಮಾತ್ರ ಸಾಹುಕಾರ್ರಿಗೆ ಫೋನು ಹೋಗುತ್ತದೆ. ಇದೇ ಅಲ್ವಾ?

ಮಡಿಕೇರಿಯಿಂದ, ಸಾಫ್ಟ್‌ವೇರ್ ಬರೆಯುವವರು

ಮೇಷ್ಟ್ರೇ, ರೈಟ್ರ ಉದಾಹರಣೆ ಮುಕ್ಕಾಲು ಪಾಲು ಕೂತಿತು. ಒಂದೇ ಕೊರತೆ. ತಾವು ಮಾತಾಡುತ್ತಿರುವುದು ರೈಟ್ರ ಹತ್ತಿರ ಅಂತ ಲೈನ್ ಮನೆಯವರಿಗೆ ಗೊತ್ತಿರುತ್ತದೆ. ಪ್ರಾಕ್ಸಿಯಲ್ಲಿ ಅದು ಗೊತ್ತಾಗಬಾರದು. ಅಸಲಿಗೆ ಯಾವ ಮೆಥಡ್‌ಗಳಿವೆಯೋ ಪ್ರಾಕ್ಸಿಗೂ ಅದೇ ಹೆಸರಿನ ಮೆಥಡ್‌ಗಳು ಇರಬೇಕು.

‘ನಕಲು’ ಮಾತ್ರ ಬೇಡ. ನಕಲಿನಲ್ಲಿ ಅಸಲಿಯ ಹೂರಣ ಇರುತ್ತದೆ. ಪ್ರಾಕ್ಸಿಯಲ್ಲಿ ಅದು ಇರುವುದಿಲ್ಲ. ಅಸಲಿ ಎಲ್ಲಿದೆ ಅನ್ನುವ ವಿಳಾಸ, ಜೊತೆಗೆ ಒಂದೆರಡು ಸಣ್ಣ ವಿವರ, ಇಷ್ಟೇ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಸಂಘದಲ್ಲಿ 240 ಸದಸ್ಯರು ಅಂತ ಇಟ್ಟುಕೊಳ್ಳಿ. ಪ್ರತಿಯೊಬ್ಬರ ಜಮೀನಿನ ನಕ್ಷೆ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಎ4 ಹಾಳೆಯನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ 2480 × 3508 ಪಿಕ್ಸೆಲ್ ಬರುತ್ತದೆ. ಡಿಸ್ಕ್‌ನಲ್ಲಿ ಜೆಪೆಗ್ ಫೈಲು 2 ಎಂಬಿ ಇರಬಹುದು. ತೋರಿಸಬೇಕು ಅಂದರೆ ಅದನ್ನು ಬಿಚ್ಚಬೇಕು. ಬಿಚ್ಚಿದಾಗ ಒಂದೊಂದು ಪಿಕ್ಸೆಲ್‌ಗೆ 3 ಬೈಟ್ ಬೇಕು. ಅಂದರೆ ಒಂದು ನಕ್ಷೆಗೆ ಮೆಮೊರಿಯಲ್ಲಿ ಸುಮಾರು 26 ಎಂಬಿ. 240 ನಕ್ಷೆಗೆ 6 ಜಿಬಿ ದಾಟುತ್ತದೆ. 4 ಜಿಬಿಯ ಹಳೇ ಕಂಪ್ಯೂಟರ್ ಅಲ್ಲೇ ಮುಗ್ಗರಿಸುತ್ತದೆ. ಆದರೆ ಪಟ್ಟಿ ತೆರೆದವರು ನೋಡುವುದು ಹೆಸರು, ಸರ್ವೆ ನಂಬರು, ನಕ್ಷೆಯ ಅಳತೆ ಅಷ್ಟೇ. ಆಮೇಲೆ ಒಂದೋ ಎರಡೋ ನಕ್ಷೆ ತೆರೆಯುತ್ತಾರೆ.

```python
class MapProxy:
    def __init__(self, path, size):
        self._path = path
        self._size = size
        self._real = None

    def size(self):
        return self._size

    def show(self):
        if self._real is None:
            self._real = SurveyMap(self._path)
        self._real.show()
```

`size()` ಕೇಳಿದರೆ ಪ್ರಾಕ್ಸಿಯೇ ಉತ್ತರ ಕೊಡುತ್ತದೆ, ಅಸಲಿ ಹುಟ್ಟುವುದೇ ಇಲ್ಲ. ಉದ್ದ-ಅಗಲ ಚಿತ್ರದ ಫೈಲಿನ ತಲೆಭಾಗದಲ್ಲೇ ಬರೆದಿರುತ್ತದೆ. ಇಡೀ ಚಿತ್ರ ಬಿಚ್ಚದೆ ಅದನ್ನು ಓದಬಹುದು. `show()` ಕರೆದಾಗ ಮಾತ್ರ 26 ಎಂಬಿ ಖರ್ಚು. ಎರಡನೇ ಸಲ ಕರೆದರೆ ಆಗಲೇ ತಂದದ್ದನ್ನೇ ತೋರಿಸುತ್ತದೆ. 1994ರಲ್ಲಿ ಎರಿಕ್ ಗಾಮಾ ಮತ್ತು ಮೂವರು ಜೊತೆಗಾರರು ಈ ಪ್ಯಾಟರ್ನ್‌ಗಳನ್ನು ಪುಸ್ತಕ ಮಾಡಿದಾಗ ಪ್ರಾಕ್ಸಿಗೆ ಹೇಳಿದ್ದೂ ಚಿತ್ರದ ಉದಾಹರಣೆಯನ್ನೇ. ಕಡತ ತೆರೆದ ಕೂಡಲೇ ಪುಟ ಜೋಡಿಸಬೇಕು, ಅದಕ್ಕೆ ಚಿತ್ರದ ಅಳತೆ ಸಾಕು, ಚಿತ್ರ ಬೇಡ.

ಕಕ್ಕಬ್ಬೆಯಿಂದ, ಹೋಂಸ್ಟೇ ನಡೆಸುವವರು

ನನ್ನದೂ ಇದೇ ಸಮಸ್ಯೆ! ನಮ್ಮ ಹೋಂಸ್ಟೇ ಪುಟದಲ್ಲಿ ಫೋಟೊಗಳು ಜಾಸ್ತಿ. ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ಕೇಳಲೇಬೇಡಿ. ಪುಟ ಮಾಡಿಕೊಟ್ಟ ಹುಡುಗ ಎಲ್ಲಾ ಫೋಟೊಗೂ `loading="lazy"` ಹಾಕಿದ್ದಾನೆ. ಆದರೂ ಮೊದಲನೇ ಫೋಟೊ ತಡವಾಗಿ ಬರುತ್ತದೆ. ಓದುತ್ತಾ ಇದ್ದ ಹಾಗೆ ಅಕ್ಷರಗಳೆಲ್ಲ ಕೆಳಗೆ ಜಿಗಿಯುತ್ತವೆ. ಇದಕ್ಕೆ ಪ್ರಾಕ್ಸಿ ಸರ್ವರ್ ಹಾಕಿಸಬೇಕಾ ಅಕ್ಕ?

ಮಡಿಕೇರಿಯಿಂದ

ಪ್ರಾಕ್ಸಿ ಸರ್ವರ್ ಬೇರೆ ವಿಷಯ, ನಿಮಗದು ಬೇಡ. ತೆರೆದ ಕೂಡಲೇ ಕಣ್ಣಿಗೆ ಬೀಳುವ ಮೊದಲ ಫೋಟೊದಿಂದ ಆ `loading="lazy"` ತೆಗೆಸಿ. ಹೇಗೂ ತಕ್ಷಣ ಬೇಕಾದದ್ದನ್ನು ತಡೆದರೆ ನಷ್ಟವೇ. ಮಿಕ್ಕ ಫೋಟೊಗಳಿಗೆ ಇರಲಿ, ಆದರೆ ಪ್ರತಿಯೊಂದಕ್ಕೂ `width`, `height` ಬರೆಸಿ. ಅಳತೆ ಗೊತ್ತಿದ್ದರೆ ಬ್ರೌಸರ್ ಮೊದಲೇ ಅಷ್ಟು ಜಾಗ ಬಿಟ್ಟಿರುತ್ತದೆ, ಅಕ್ಷರ ಜಿಗಿಯುವುದಿಲ್ಲ. ನಮ್ಮ `size()` ಮಾಡುವ ಕೆಲಸವೂ ಅದೇ.

ನಿಮ್ಮ ಪ್ರಶ್ನೆಯಿಂದ ಈ ಚರ್ಚೆಗೂ ಒಂದು ಸಹಾಯವಾಯಿತು. ನಿಮ್ಮ ಪುಟದಲ್ಲಿ ಲೇಜಿ ಲೋಡಿಂಗ್ ಇದೆ, ಆದರೆ ನಿಮ್ಮ ಹುಡುಗ ಪ್ರಾಕ್ಸಿ ಅಂತ ಏನನ್ನೂ ಬರೆದಿಲ್ಲ. ಇದರ ಉಲ್ಟಾ ಕೂಡ ಇರುತ್ತದೆ. ಅಸಲಿ ಆಗಲೇ ಮೆಮೊರಿಯಲ್ಲಿದ್ದು, ‘ಈ ಬಳಕೆದಾರನಿಗೆ ಅನುಮತಿ ಇದೆಯಾ’ ಅಂತ ಮಾತ್ರ ನೋಡುವ ಪ್ರಾಕ್ಸಿಗಳಿವೆ. ಅಲ್ಲಿ ತಡ ಮಾಡುವ ಮಾತೇ ಇಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಪದ ಬೇಕು.

ಸೋಮವಾರಪೇಟೆಯವನು, ಈಗ ಬೆಂಗಳೂರಿನಲ್ಲಿ ಕೆಲಸ

ಪದ ಯಾವುದಾದರೂ ಇರಲಿ, ಟಿಪ್ಪಣಿಯಲ್ಲಿ ಒಂದು ಮಾತು ಖಂಡಿತ ಸೇರಿಸಿ ಸಾರ್: ಲೇಜಿ ಲೋಡಿಂಗ್ ಹಾಕಿದರೆ ಪ್ರೋಗ್ರಾಮ್ ಯಾವಾಗಲೂ ವೇಗವಾಗುತ್ತದೆ. ನಾವು ಡೇಟಾಬೇಸ್‌ನಲ್ಲಿ ಎಲ್ಲಾ ಕಡೆ ಅದನ್ನೇ ಇಟ್ಟಿದ್ದೇವೆ.

ಮಡಿಕೇರಿಯಿಂದ

ತಮ್ಮಾ, ‘ಯಾವಾಗಲೂ’ ಅನ್ನೋದನ್ನು ತೆಗೆದುಬಿಡು. ಅದೇ 240 ಸದಸ್ಯರನ್ನು ತಗೋ. ಪಟ್ಟಿ ತರಲು ಒಂದು ಕ್ವೆರಿ. ಪ್ರತಿ ಸಾಲಿನಲ್ಲೂ ಸದಸ್ಯರ ಊರಿನ ಹೆಸರು ತೋರಿಸಬೇಕು. ಊರಿನ ಆಬ್ಜೆಕ್ಟ್ ಪ್ರಾಕ್ಸಿಯಾಗಿದೆ, ಅದರ ಹೆಸರು ಮುಟ್ಟಿದ ತಕ್ಷಣ ಡೇಟಾಬೇಸ್‌ಗೆ ಓಡುತ್ತದೆ. ಒಬ್ಬೊಬ್ಬರ ಊರೂ ಬೇರೆ ಆಗಿದ್ದರೆ ಒಟ್ಟು 241 ಕ್ವೆರಿ. ಊರನ್ನೂ ಜೊತೆಗೇ ಜಾಯಿನ್ ಮಾಡಿ ತಂದರೆ ಒಂದರಲ್ಲೇ ಮುಗಿಯುತ್ತಿತ್ತು. ನಿನ್ನ ಕಂಪ್ಯೂಟರಿನಲ್ಲಿ ಐದು ಸಾಲು ಇಟ್ಟುಕೊಂಡು ನೋಡಿದರೆ ಇದು ಗೊತ್ತಾಗುವುದಿಲ್ಲ. ಕ್ವೆರಿ ಲಾಗ್ ಆನ್ ಮಾಡಿ ನೋಡು. ನಂಬರು ಮಾತ್ರ ಬದಲಾಗಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ ಇದೇ ಕಾಯಿಲೆ.

ಜಾವಾದ ಹೈಬರ್ನೇಟ್ ಬಳಸುವವರು ಇನ್ನೊಂದನ್ನೂ ನೋಡಿರುತ್ತೀರಿ. ಸೆಷನ್ ಮುಚ್ಚಿದ ಮೇಲೆ ಪ್ರಾಕ್ಸಿಯನ್ನು ಮುಟ್ಟಿದರೆ `LazyInitializationException` ಬರುತ್ತದೆ. ಜೊತೆಗೆ `could not initialize proxy` ಅನ್ನುವ ಸಾಲು. ಅಸಲಿಯನ್ನು ತರುವ ದಾರಿಯೇ ಮುಚ್ಚಿಹೋಗಿದೆ ಅಂತ ಅರ್ಥ. ಟಿಪ್ಪಣಿಯಲ್ಲಿ ಈ ಮಾತಿಗೆ ಜಾಗ ಕೊಡಿ ಸಾರ್. ಪ್ರಾಕ್ಸಿ ಖರ್ಚನ್ನು ಮುಂದಕ್ಕೆ ಹಾಕುತ್ತದೆ, ಅದರ ಜೊತೆಗೆ ಎಡವಟ್ಟನ್ನೂ ಮುಂದಕ್ಕೆ ಹಾಕುತ್ತದೆ. ನಕ್ಷೆಯ ಫೈಲು ಹಾಳಾಗಿದ್ದರೆ ಪಟ್ಟಿ ತೆರೆದಾಗ ಎಲ್ಲಾ ಸರಿಯಾಗೇ ಕಾಣುತ್ತದೆ. ಯಾರೋ ಆ ನಕ್ಷೆ ತೆರೆದಾಗ ಬೀಳುತ್ತದೆ. ಆ ಎರರ್ `show()` ಕರೆದ ಜಾಗದಲ್ಲಿ ಬರುವುದರಿಂದ ಮಕ್ಕಳು ತಪ್ಪನ್ನು ಅಲ್ಲೇ ಹುಡುಕುತ್ತಾ ಕೂರುತ್ತಾರೆ.

ಮೇಲಿನ ಕೋಡಿನಲ್ಲೇ ಇನ್ನೊಂದು ಬಾಕಿ ಇದೆ. `_real` ಒಮ್ಮೆ ಬಂದರೆ ಹೋಗುವುದಿಲ್ಲ. ಆಫೀಸಿನಲ್ಲಿ ಒಬ್ಬರು ಬೆಳಿಗ್ಗೆಯಿಂದ 100 ನಕ್ಷೆ ತೆರೆದು ಮುಚ್ಚಿದರೆ ಸಂಜೆಗೆ 2.6 ಜಿಬಿ ತುಂಬಿರುತ್ತದೆ. ಬೆಳಿಗ್ಗೆ ಚುರುಕು, ಮಧ್ಯಾಹ್ನದ ಮೇಲೆ ನಿಧಾನ, ಪ್ರೋಗ್ರಾಮ್ ಮುಚ್ಚಿ ತೆರೆದರೆ ಮತ್ತೆ ಚುರುಕು. ಹೀಗಾದರೆ ಮೊದಲು ಇದನ್ನೇ ಅನುಮಾನಿಸಿ. ಕಿಟಕಿ ಮುಚ್ಚಿದಾಗ `_real` ಅನ್ನು ಮತ್ತೆ `None` ಮಾಡಬೇಕು. ಇಲ್ಲವೇ ಕೊನೆಯ ಕೆಲವನ್ನು ಮಾತ್ರ ಉಳಿಸಿಕೊಳ್ಳಬೇಕು.

ಸೋಮವಾರಪೇಟೆಯವನು

ಸರಿ ಅಕ್ಕ, ಲಾಗ್ ಆನ್ ಮಾಡಿ ನೋಡುತ್ತೇನೆ. ಆದರೆ ನಮ್ಮಲ್ಲಿ ಕೆಲವು ಪುಟಗಳಿಗೆ ಊರು ಬೇಕು, ಕೆಲವಕ್ಕೆ ಬೇಡ. ಎಲ್ಲಾ ಕಡೆ ಜಾಯಿನ್ ಮಾಡಿದರೆ ಬೇಡದ ಕಡೆಯೂ ಹೊರೆ ಅಲ್ವಾ?

ಮಡಿಕೇರಿಯಿಂದ

ಹೌದು. ಮೂಲದಲ್ಲಿ ಲೇಜಿಯಾಗೇ ಇರಲಿ. ಊರು ಬೇಕೇಬೇಕು ಅಂತ ಗೊತ್ತಿರುವ ಪುಟದ ಕ್ವೆರಿಯಲ್ಲಿ ಮಾತ್ರ ಜಾಯಿನ್ ಬರಿ. ಯಾವ ಪುಟಕ್ಕೆ ಏನು ಬೇಕು ಅನ್ನೋದು ಆ ಪುಟ ಬರೆದವರಿಗೇ ಗೊತ್ತಿರೋದು.

ವಿರಾಜಪೇಟೆಯಿಂದ

ನಕಲು ಬಿಟ್ಟೆ. ಬದಲಿಯನ್ನು ಯಾಕೆ ಬಿಡಬೇಕು ಅಂತ ಯಾರೂ ಹೇಳಲಿಲ್ಲವಲ್ಲ?

ಕುಶಾಲನಗರದಿಂದ

ನಾನು ಹೇಳುತ್ತೇನೆ ಮೇಷ್ಟ್ರೇ. ಬದಲಿ ಮೇಷ್ಟ್ರು ಬಂದರೆ ಪಾಠವನ್ನು ಅವರೇ ಮಾಡುತ್ತಾರೆ. ರಜೆಯಲ್ಲಿರುವ ಮೇಷ್ಟ್ರನ್ನು ಕರೆಸುವುದಿಲ್ಲ. ಪ್ರಾಕ್ಸಿ ಪಾಠ ಮಾಡುವುದಿಲ್ಲ, ಮಾಡುವವರಿಗೆ ಒಪ್ಪಿಸುತ್ತದೆ. ‘ಬದಲಿ’ ಅಂದರೆ ಆ ಒಪ್ಪಿಸುವ ಭಾಗವೇ ಬಿಟ್ಟುಹೋಗುತ್ತದೆ. ‘ಪ್ರತಿನಿಧಿ’ಯಲ್ಲಿ ಅದು ಸ್ವಲ್ಪ ಉಳಿಯುತ್ತದೆ, ಪ್ರತಿನಿಧಿ ಇನ್ನೊಬ್ಬರ ಪರವಾಗಿ ಮಾತಾಡುವವರು. ಆದರೆ ಪ್ರತಿನಿಧಿ ಯಾರು, ಅಸಲಿ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ರೈಟ್ರ ವಿಷಯದಲ್ಲಿ ಮೇಡಂ ಹೇಳಿದ ಕೊರತೆಯೇ ಇಲ್ಲೂ ಬಂತು.

ಸದ್ಯಕ್ಕೆ ಹೀಗೆ ಬರೆಯುತ್ತೇನೆ. ಪ್ಯಾಟರ್ನ್‌ಗೆ ‘ಪ್ರಾಕ್ಸಿ’ ಅಂತಲೇ ಇಟ್ಟು, ಹಾಜರಿ ಪ್ರಾಕ್ಸಿಗಿಂತ ಇದು ಹೇಗೆ ಬೇರೆ ಅಂತ ಮೊದಲ ಪ್ಯಾರಾದಲ್ಲೇ ಹೇಳುತ್ತೇನೆ. ಲೇಜಿ ಲೋಡಿಂಗ್‌ಗೆ ‘ಬೇಕಾದಾಗ ಲೋಡ್’ ಅನ್ನುತ್ತೇನೆ. ನಕ್ಷೆಯ ಉದಾಹರಣೆಯನ್ನೂ 241 ಕ್ವೆರಿಯ ಲೆಕ್ಕವನ್ನೂ ಮೇಡಂ ಒಪ್ಪಿದರೆ ಹಾಗೇ ಬಳಸುತ್ತೇನೆ.

ವಿರಾಜಪೇಟೆಯಿಂದ

‘ಬೇಕಾದಾಗ ಲೋಡ್’ ಚೆನ್ನಾಗಿದೆ. ಆದರೆ ‘ಬೇಕಾದಾಗ’ ಅಂದರೆ ಯಾರಿಗೆ ಬೇಕಾದಾಗ? ನೋಡುವವರಿಗೋ, ಪ್ರೋಗ್ರಾಮ್‌ಗೋ? 241 ಕ್ವೆರಿಯ ಕಥೆಯಲ್ಲಿ ಪ್ರೋಗ್ರಾಮ್ ಪ್ರತಿ ಸಾಲಿಗೂ ‘ಈಗ ಬೇಕು’ ಅಂದದ್ದರಿಂದಲೇ ತೊಂದರೆಯಾದದ್ದು, ಅಲ್ವಾ? ‘ಮುಟ್ಟಿದಾಗ ಲೋಡ್’ ಅಂದರೆ ಹೇಗೆ?

ಮಡಿಕೇರಿಯಿಂದ

ಉದಾಹರಣೆ ಧಾರಾಳವಾಗಿ ಬಳಸಿ ಸಾರ್. ‘ಮುಟ್ಟಿದಾಗ ಲೋಡ್’ ನನಗೆ ಜಾಸ್ತಿ ಹಿಡಿಸಿತು ಮೇಷ್ಟ್ರೇ, ಕಂಪ್ಯೂಟರ್ ನಿಜವಾಗಿ ಮಾಡುವುದು ಅದನ್ನೇ. ಆದರೆ ಕಕ್ಕಬ್ಬೆಯವರ ಪುಟದಲ್ಲಿ ಯಾರೂ ಫೋಟೊ ಮುಟ್ಟುವುದಿಲ್ಲ. ಅದು ಪರದೆಯ ಹತ್ತಿರ ಬಂದಾಗ ಬ್ರೌಸರ್ ತಾನೇ ತರುತ್ತದೆ. ಅದಕ್ಕೂ ಹೊಂದುವ ಪದ ಬೇಕಲ್ಲ?