ಡೀಸೆಲ್ ಡಿಪ್‌ಗೂ ಮೀಟರ್ ಸೇಲ್‌ಗೂ ತಾಳೆ ಬರ್ತಿಲ್ಲ, ಎಲ್ಲಿ ಹೋಗ್ತಿದೆ?

ಪ್ರಶ್ನೆ (ಬಂಕ್ ಮ್ಯಾನೇಜರ್, ಚಿಕ್ಕಬಳ್ಳಾಪುರ):
ನಮ್ಮದು ಹೈವೇ ಬಂಕ್, 24 ಗಂಟೆ ತೆರೆದಿರುತ್ತದೆ. ಡೀಸೆಲ್ ಟ್ಯಾಂಕ್ 20 ಕೆಎಲ್, ಅಂದರೆ 20 ಸಾವಿರ ಲೀಟರ್. ದಿನಕ್ಕೆ ಸುಮಾರು 2,800 ಲೀಟರ್ ಸೇಲ್. ಟ್ಯಾಂಕಿಗೆ ರಾಡ್ ಇಳಿಸಿ ನೋಡಿದ ಡಿಪ್‌ಗೂ ಮೀಟರ್ ಸೇಲ್ ಲೆಕ್ಕಕ್ಕೂ ಹತ್ತು ದಿನದ ವೇರಿಯೇಷನ್ ಲೀಟರಲ್ಲಿ ಹೀಗಿದೆ: 38 ಕಮ್ಮಿ, 29 ಜಾಸ್ತಿ, 14 ಕಮ್ಮಿ, 46 ಕಮ್ಮಿ, 11 ಜಾಸ್ತಿ, 27 ಕಮ್ಮಿ, 20 ಜಾಸ್ತಿ, 51 ಕಮ್ಮಿ, 14 ಜಾಸ್ತಿ, 8 ಕಮ್ಮಿ. ನಾಲ್ಕನೇ ದಿನ, ಎಂಟನೇ ದಿನ 12 ಕೆಎಲ್ ಲೋಡ್ ಬಂದಿತ್ತು. ಕಮ್ಮಿ ಬಂದ ದಿನ ಆ ಶಿಫ್ಟಿನ ಹುಡುಗರ ಸಂಬಳದಲ್ಲಿ ಹಿಡಿಯಿರಿ ಅಂತ ಓನರ್ ಹೇಳ್ತಿದ್ದಾರೆ. ಒಮ್ಮೆ ಹಿಡಿದೂ ಆಗಿದೆ. ಹುಡುಗರು ಕಳ್ಳರಲ್ಲ ಅಂತ ನನಗೆ ಗೊತ್ತು. ಹೇಗೆ ತೋರಿಸಲಿ?

ಉತ್ತರ (ಕೋಲಾರ, 26 ವರ್ಷ ಬಂಕ್ ಲೆಕ್ಕ ನೋಡಿದವರು):
ಮೊದಲು ಸಂಬಳ ಹಿಡಿಯೋದನ್ನ ನಿಲ್ಲಿಸಿ ಸರ್. ಈ ಅಂಕಿಗಳಲ್ಲಿ ಹುಡುಗರ ತಪ್ಪು ಕಾಣೋದಿಲ್ಲ.

ಮೊದಲ ಎರಡು ದಿನ ನೋಡಿ. 38 ಕಮ್ಮಿ, ಮಾರನೇ ದಿನ 29 ಜಾಸ್ತಿ. ಇವತ್ತಿನ ಕ್ಲೋಸಿಂಗ್ ಡಿಪ್ಪೇ ನಾಳೆಯ ಓಪನಿಂಗ್ ಅಲ್ವಾ? ಒಂದು ಬೆಳಗ್ಗೆ ರಾಡ್ ಓದುವಾಗ ತಪ್ಪಿದರೆ ಇವತ್ತು ಎಷ್ಟು ಕಮ್ಮಿ ಬಂತೋ ನಾಳೆ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಬರುತ್ತದೆ. ಯಾವ ಮಟ್ಟಕ್ಕೆ ಎಷ್ಟು ಲೀಟರ್ ಅಂತ ತೋರಿಸುವ ನಿಮ್ಮ ಟ್ಯಾಂಕ್ ಚಾರ್ಟ್ ತೆಗೆದು ನೋಡಿ. 20 ಕೆಎಲ್ ಟ್ಯಾಂಕ್ ಅರ್ಧ ತುಂಬಿದ್ದಾಗ ಒಂದು ಮಿಲಿಮೀಟರಿಗೆ 12–13 ಲೀಟರ್ ಇರುತ್ತದೆ. ತಳದ ಹತ್ತಿರ ಅದರ ಅರ್ಧವೂ ಇರೋದಿಲ್ಲ, ಮಲಗಿಸಿದ ಪೀಪಾಯಿ ತಾನೇ. ಅಂದರೆ ಮಧ್ಯದಲ್ಲಿ ಮೂರು ಮಿಲಿಮೀಟರ್ ತಪ್ಪಿದರೆ ಸುಮಾರು 38 ಲೀಟರ್ ಮಾಯ. ಮೂರು ಮಿಲಿಮೀಟರ್ ಅಂದರೆ ರಾಡ್ ಸ್ವಲ್ಪ ವಾಲಿದರೂ ಸಾಕು.

ಹಾಗಾಗಿ ಒಂದೊಂದು ದಿನದ ಅಂಕಿ ನೋಡಬೇಡಿ, ಕೂಡಿಸುತ್ತಾ ಹೋಗಿ. ಓದುವ ತಪ್ಪು ತಾನಾಗಿ ವಜಾ ಆಗುತ್ತದೆ. ನಿಜವಾಗಿ ಹೋದ ಡೀಸೆಲ್ ಮಾತ್ರ ವಾಪಸ್ ಬರೋದಿಲ್ಲ, ಮೊತ್ತದಲ್ಲಿ ಬೆಳೀತಾ ಹೋಗುತ್ತದೆ. ನಾನು ನಿಮ್ಮದನ್ನ ಕೂಡಿಸಿದೆ. ಹತ್ತು ದಿನಕ್ಕೆ 110 ಲೀಟರ್ ಕಮ್ಮಿ. ಅದರಲ್ಲಿ ಲೋಡ್ ಬಂದ ಎರಡು ದಿನದ್ದೇ 97. ಉಳಿದ ಎಂಟು ದಿನ ಸೇರಿ ಬರೀ 13. ಎಂಟು ದಿನದಲ್ಲಿ 22 ಸಾವಿರ ಲೀಟರ್ ಮಾರಿದ್ದೀರಿ. ಐದು ಲೀಟರ್ ಅಳತೆ ಪಾತ್ರೆಯಲ್ಲಿ ಹೇಳಬೇಕಂದ್ರೆ ಮೂರು ಎಂಎಲ್ ವ್ಯತ್ಯಾಸ ಅಷ್ಟೇ. ಟ್ಯಾಂಕ್ ಸೋರುತ್ತಿದ್ದರೆ ದಿನವೂ ಕಮ್ಮಿ ಬರಬೇಕಿತ್ತು, ಸೇಲ್ ಇಲ್ಲದಿದ್ದರೂ ಬರಬೇಕಿತ್ತು. ನಾಝಲ್ ಜಾಸ್ತಿ ಕೊಡುತ್ತಿದ್ದರೆ ಸೇಲ್ ಏರಿದ ದಿನ ಶಾರ್ಟೇಜೂ ಏರಬೇಕಿತ್ತು. ಎರಡೂ ಇಲ್ಲ. ನಿಮ್ಮ ನಷ್ಟ ಟ್ಯಾಂಕರ್ ಜೊತೆ ಬರ್ತಿದೆ.

ಎರಡು ವಿಷಯ ತಿಳಿಸಿ. ಬೆಳಗ್ಗೆ ನಾಝಲ್ ಅಳತೆ ನೋಡೋಕೆ ಹಿಡಿದ ಟೆಸ್ಟಿಂಗ್ ಡೀಸೆಲ್ ಟ್ಯಾಂಕಿಗೆ ವಾಪಸ್ ಹಾಕಿ ಮೀಟರ್ ಸೇಲಿನಿಂದ ಕಳೀತೀರಾ? ಕಳೆಯದಿದ್ದರೆ ಇಲ್ಲದ ಸೇಲ್ ಸೇರಿಕೊಂಡು ನಿಜವಾದ ಶಾರ್ಟೇಜ್ ಮುಚ್ಚಿಹೋಗುತ್ತದೆ. ಇನ್ನೊಂದು, ಮೀಟರ್ ರೀಡಿಂಗೂ ಡಿಪ್ಪೂ ಒಂದೇ ಹೊತ್ತಿಗೆ ತೆಗೀತೀರಾ?

ಕೇಳಿದವರು:
ಟೆಸ್ಟಿಂಗ್ ಕಳೀತೀವಿ ಅಣ್ಣ, ನಾಲ್ಕು ನಾಝಲ್‌ಗೆ 20 ಲೀಟರ್. ಆದರೆ ಮೀಟರ್ ರೀಡಿಂಗ್ ಶಿಫ್ಟ್ ಬದಲಾಗುವಾಗ ಆರು ಗಂಟೆಗೆ. ನಾನು ಬಂದು ಡಿಪ್ ಹಾಕೋದು ಆರೂವರೆಗೆ.

ಉತ್ತರ (ಕೋಲಾರ):
ಸಿಕ್ಕಿತು ನೋಡಿ. ಆ ಅರ್ಧ ಗಂಟೆಯಲ್ಲಿ ಒಂದು ಲಾರಿ 150 ಲೀಟರ್ ಹಾಕಿಸಿಕೊಂಡು ಹೋದರೆ ಡಿಪ್‌ನಲ್ಲಿ ಅದು ಕಳೆದಿರುತ್ತದೆ, ಮೀಟರ್ ಲೆಕ್ಕದಲ್ಲಿ ಇರೋದಿಲ್ಲ. ನಿಮ್ಮ ಹಿಂದೆ ಮುಂದೆ ಓಲಾಟಕ್ಕೆ ಅರ್ಧ ಕಾರಣ ಇದೇ ಇರಬಹುದು. ನಾಳೆಯಿಂದ ನಾಲ್ಕೂ ನಾಝಲ್ ನಿಲ್ಲಿಸಿ, ಹತ್ತು ನಿಮಿಷ ಬಿಡಿ, ಒಬ್ಬರು ಮೀಟರ್ ಬರೆಯಲಿ, ನೀವು ರಾಡ್ ಇಳಿಸಿ.

ರಾಡ್ ಇಳಿಸೋದೂ ಹೇಳಿಬಿಡ್ತೀನಿ. ಒಣ ಬಟ್ಟೆಯಲ್ಲಿ ಒರೆಸಿ, ಮಟ್ಟ ಬರುವ ಜಾಗಕ್ಕೆ ಪೇಸ್ಟ್ ತೆಳ್ಳಗೆ ಸವರಿ. ಕೊನೆಯ ಒಂದಡಿ ಮೆಲ್ಲಗೆ ಬಿಡಿ. ತಳಕ್ಕೆ ಟಕ್ ಅಂತ ತಾಗಿದ್ದು ಕೈಗೆ ಗೊತ್ತಾಗುತ್ತದೆ, ಆ ಕ್ಷಣವೇ ನೇರವಾಗಿ ಎಳೆಯಿರಿ. ಧೊಪ್ಪನೆ ಬಿಟ್ಟರೆ ಡೀಸೆಲ್ ಎಗರಿ ಗೆರೆ ಮೇಲೆ ಹೋಗುತ್ತದೆ. ಪೇಸ್ಟ್ ಇಲ್ಲದಿದ್ದರೆ ಡೀಸೆಲ್ ರಾಡ್ ಮೇಲೆ ಹರಡಿಕೊಂಡು ಗೆರೆ ಮಸುಕಾಗುತ್ತದೆ. ಎರಡು ಸಲ ಹಾಕಿ. ಎರಡೂ ಒಂದು ಮಿಲಿಮೀಟರ್ ಒಳಗೆ ಸರಿ ಬರದಿದ್ದರೆ ಮೂರನೇ ಸಲ.

ದೊಡ್ಡಬಳ್ಳಾಪುರ ರಸ್ತೆಯ ಬಂಕಿನವರು:
ಇಷ್ಟೆಲ್ಲ ಬೇಡ ಸರ್, ಇದು ಟೆಂಪರೇಚರ್ ಅಷ್ಟೇ. ದೇವನಗೊಂದಿಯಿಂದ ಟ್ಯಾಂಕರ್ ಬಿಸಿಲಲ್ಲಿ ಬರುತ್ತದೆ. 33 ಡಿಗ್ರಿ ಡೀಸೆಲ್ ನೆಲದೊಳಗೆ ಹೋಗಿ 27ಕ್ಕೆ ತಣ್ಣಗಾದರೆ 12 ಕೆಎಲ್‌ಗೆ 60 ಲೀಟರ್ ಕುಗ್ಗುತ್ತದೆ. 46 ಏನೂ ಅಲ್ಲ. ಮತ್ತೆ ಆಟೊಮ್ಯಾಟಿಕ್ ಗೇಜ್ ಇದ್ದರೆ ರಾಡೇ ಬೇಕಿಲ್ಲ.

ಗುಂಪಿನ ಸದಸ್ಯರು, ಶಿಡ್ಲಘಟ್ಟ:
ನಾನು ಯಾವಾಗಲೂ 100ರ ಬದಲು 110 ರೂಪಾಯಿಗೆ ಹಾಕಿಸ್ತೀನಿ. ಹಾಗೆ ಮಾಡಿದರೆ ಪೂರ್ತಿ ಬರುತ್ತದೆ ಅಂತಾರೆ. ಇದೂ ಅದೇ ಸಮಸ್ಯೆನಾ?

ಉತ್ತರ (ಕೋಲಾರ):
ಶಿಡ್ಲಘಟ್ಟದವರಿಗೆ: ಇಲ್ಲಿ ಮಾತಾಡ್ತಿರೋದು ಬಂಕಿನ ಒಳಗಿನ ಲೆಕ್ಕ ಸರ್. ಅನುಮಾನ ಬಂದರೆ ಬಂಕಲ್ಲಿ ಮುದ್ರೆ ಇರುವ ಐದು ಲೀಟರ್ ಪಾತ್ರೆ ಕೇಳಿ, ನಿಮ್ಮೆದುರಿಗೇ ಹಿಡಿಸಿ. 25 ಎಂಎಲ್ ಹಿಂದೆ ಮುಂದೆ ಇದ್ದರೆ ಮಿತಿಯೊಳಗೆ. 110ಕ್ಕೂ 100ಕ್ಕೂ ಮೀಟರ್ ಒಂದೇ.

ಟೆಂಪರೇಚರ್ ಮಾತು ಅರ್ಧ ನಿಜ. ಸಾವಿರ ಲೀಟರ್ ಡೀಸೆಲ್ ಒಂದು ಡಿಗ್ರಿ ತಣ್ಣಗಾದರೆ ಸುಮಾರು 0.8 ಲೀಟರ್ ಕುಗ್ಗೋದು ಸರಿ. ಆದರೆ ಅದು ಒಂದೇ ರಾತ್ರಿಯಲ್ಲಿ 27ಕ್ಕೆ ಇಳಿಯೋದಿಲ್ಲ. ಬಿಸಿ ಡೀಸೆಲ್ ತಣ್ಣಗಿರೋದರ ಜೊತೆ ಬೆರೆತಾಗ ಒಂದು ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಒಟ್ಟು ಅಲ್ಲಿಗಲ್ಲಿಗೆ. ಆಮೇಲೆ ಮಣ್ಣು ಎಷ್ಟು ತಣ್ಣಗೆ ಮಾಡುತ್ತದೋ ಅಷ್ಟು ಮಾತ್ರ ಲೆಕ್ಕ. ಚಿಕ್ಕಬಳ್ಳಾಪುರದವರು ಡೆನ್ಸಿಟಿ ರಿಜಿಸ್ಟರ್ ನೋಡಿ ಟೆಂಪರೇಚರ್ ಎಷ್ಟಿತ್ತು ಹೇಳಲಿ.

ಗೇಜ್ ಕೂಡ ಮಟ್ಟವನ್ನೇ ಅಳೆಯೋದು, ಲೀಟರ್ ಬರೋದು ಚಾರ್ಟಿನಿಂದ. ಚಾರ್ಟ್ ತಪ್ಪಿದ್ದರೆ ಅದೂ ತಪ್ಪೇ ತೋರಿಸುತ್ತದೆ.

ಕೇಳಿದವರು:
ನಾಲ್ಕನೇ ದಿನ ಟ್ಯಾಂಕರ್ ಡೀಸೆಲ್ 33 ಡಿಗ್ರಿ. ಟ್ಯಾಂಕಲ್ಲಿ ಆಗ 5 ಕೆಎಲ್ ಇತ್ತು, 27. ಮಾರನೇ ಬೆಳಗ್ಗೆ 30.

ಉತ್ತರ (ಕೋಲಾರ):
ಬೆರೆತ ಮೇಲೆ 31ರ ಮೇಲೆ ಸ್ವಲ್ಪ ಇದ್ದಿರಬೇಕು, ಬೆಳಗ್ಗೆಗೆ 30. ಒಂದು ಡಿಗ್ರಿ ಚಿಲ್ಲರೆ. ಮಾರಿದ್ದು ಕಳೆದು ಸುಮಾರು 16 ಕೆಎಲ್‌ಗೆ 16 ಲೀಟರ್ ಹತ್ತಿರ. 46ರಲ್ಲಿ 16 ಹೋಯಿತು, ಇನ್ನೂ 30 ಉಳೀತು.

ಚಾರ್ಟ್ ತಪ್ಪೋ, ಟ್ಯಾಂಕ್ ವಾಲಿದೆಯೋ ಅನ್ನೋದೂ ನೋಡಿದೆ. ವಾಲಿದ ಟ್ಯಾಂಕಲ್ಲಿ ಲೋಡ್ ಬಿದ್ದು ಮಟ್ಟ ಮಧ್ಯಕ್ಕೆ ಏರಿದಾಗ ಕಮ್ಮಿ ತೋರಿಸಿದರೆ, ಖಾಲಿ ಆಗ್ತಾ ಬಂದ ಹಾಗೆ ಅದೇ ಜಾಸ್ತಿಯಾಗಿ ವಾಪಸ್ ಬರಬೇಕು. ನಿಮ್ಮಲ್ಲಿ ಲೋಡ್ ಆದ ಮೇಲಿನ ಮೂರು ದಿನ ಸೇರಿ ಬರೀ 4 ಜಾಸ್ತಿ. ವಾಪಸ್ ಬರಲಿಲ್ಲ. ಅಂದರೆ ಆ 30 ಲೀಟರ್ ನಿಮ್ಮ ಟ್ಯಾಂಕಿಗೆ ಬಿದ್ದೇ ಇಲ್ಲ ಅಂತ ನನ್ನ ಅಂದಾಜು.

ಮುಂದಿನ ಲೋಡಿಗೆ ಸೀಲ್ ನೋಡಿ, ಟ್ಯಾಂಕರ್ ಸಮತಟ್ಟಾದ ಕಡೆ ಸ್ವಲ್ಪ ಹೊತ್ತು ನಿಲ್ಲಿಸಿ, ಪ್ರತಿ ಚೇಂಬರ್ ಡಿಪ್ ಹಾಕಿ ಚಲನ್ ಜೊತೆ ಹೋಲಿಸಿ. ಇಳಿಸಿದ ಮೇಲೆ ಚೇಂಬರ್ ಖಾಲಿ ಆಯಿತು ಅನ್ನೋದನ್ನ ಡ್ರೈವರ್ ಬಾಯಿಂದ ಕೇಳಬೇಡಿ, ನೀವೇ ನೋಡಿ. ನಿಮ್ಮ ಅಂಗಳ ಇಳಿಜಾರಾ?

ಬಂಗಾರಪೇಟೆ ಬಂಕಿನ ಮೇಡಂ:
ನಮ್ಮದು ಉಲ್ಟಾ. ದೊಡ್ಡ ಮಳೆ ಆದ ಮಾರನೇ ದಿನ ಪೆಟ್ರೋಲ್ 60 ಲೀಟರ್ ಜಾಸ್ತಿ ಬಂತು. ಹಳೇ ಶಾರ್ಟೇಜ್‌ಗೆ ಹೊಂದಿಸಿಕೊಳ್ಳಬಹುದಾ?

ಉತ್ತರ (ಕೋಲಾರ):
ಬೇಡ ಮೇಡಂ, ಈಗಲೇ ಪೆಟ್ರೋಲ್ ಸೇಲ್ ನಿಲ್ಲಿಸಿ. ಜಾಸ್ತಿ ಬಂದಿರೋದು ನೀರಿರಬಹುದು. ಎಥನಾಲ್ ಬೆರೆತ ಪೆಟ್ರೋಲಲ್ಲಿ ನೀರು ಎಥನಾಲನ್ನ ಎಳೆದುಕೊಂಡು ತಳಕ್ಕೆ ಕೂರುತ್ತದೆ. ಮಾಮೂಲಿ ವಾಟರ್ ಪೇಸ್ಟ್ ಅದನ್ನ ಸರಿಯಾಗಿ ತೋರಿಸದೇ ಇರಬಹುದು, ಎಥನಾಲ್‌ಗೆ ಅಂತಲೇ ಬರುವ ಪೇಸ್ಟ್ ಹಚ್ಚಿ. ತಳದಿಂದ ಸ್ಯಾಂಪಲ್ ತೆಗೆದು ಗಾಜಿನ ಜಾರಲ್ಲಿ ನೋಡಿ, ಎರಡು ಪದರ ಕಂಡರೆ ಮುಗೀತು. ಕಂಪನಿ ಅಧಿಕಾರಿಗೆ ಇವತ್ತೇ ಫೋನ್ ಮಾಡಿ. ಮಿಕ್ಕಿದ್ದು ಬೇರೆ ಪೋಸ್ಟಲ್ಲಿ ಮಾತಾಡೋಣ.

ಕೇಳಿದವರು (ಆರು ದಿನದ ನಂತರ):
ಅಣ್ಣ, ಅಂಗಳ ಇಳಿಜಾರೇ. ಟ್ಯಾಂಕರ್ ನಿಲ್ಲಿಸಿದಾಗ ಮೂತಿ ಕೆಳಗೆ, ವಾಲ್ವ್ ಇರುವ ಹಿಂಭಾಗ ಮೇಲೆ. ಇವತ್ತು ಲೋಡ್ ಬಂತು. ಚೇಂಬರ್ ಡಿಪ್ ಸರಿ ಇತ್ತು. ಪೂರ್ತಿ ಖಾಲಿ ಅಂದ ಮೇಲೆ ಗಾಳಿ ಮೆಷಿನ್ ಹತ್ತಿರ ಸಮತಟ್ಟಿಗೆ ತರಿಸಿ, ಅರ್ತಿಂಗ್ ವೈರ್ ಹಾಕಿಸಿ, ವಾಲ್ವ್ ಮತ್ತೆ ತೆರೆಸಿದೆ. ಅಲ್ಯೂಮಿನಿಯಂ ಬಕೆಟ್ ಹಿಡಿದೆವು. ಹೆಬ್ಬೆರಳು ದಪ್ಪ ಧಾರೆ ಬಂತು, ನಿಲ್ಲಲೇ ಇಲ್ಲ. ಒಂದು ಬಕೆಟ್ ತುಂಬಿ ಇನ್ನೊಂದು ಅರ್ಧ. ಅಳೆದರೆ 20 ಲೀಟರ್. ಡ್ರೈವರೂ ಬೆರಗಾದ. ಪಾಪ, ಅವನಿಗೂ ಗೊತ್ತಿರಲಿಲ್ಲ ಅನಿಸುತ್ತದೆ.

ಕೇಳಿದವರು (ಮಾರನೇ ದಿನ):
ಆ 20 ಟ್ಯಾಂಕಿಗೆ ಹಾಕಿದ ಮೇಲೂ 24 ಕಮ್ಮಿ ಇದೆ. ಬೆಳಗ್ಗೆ ಮಳೆ, ಟೆಂಪರೇಚರ್ ತೆಗೆಯೋಕೆ ಆಗಲಿಲ್ಲ. ಮೀಟರ್, ಡಿಪ್ ಒಟ್ಟಿಗೆ ತೆಗೀತಿರೋದರಿಂದ ಲೋಡ್ ಇಲ್ಲದ ದಿನ 10 ಲೀಟರ್ ದಾಟಿಲ್ಲ.

ಉತ್ತರ (ಕೋಲಾರ):
24ರಲ್ಲಿ ಟೆಂಪರೇಚರ್ ಎಷ್ಟು ಅಂತ ಈಗ ಹೇಳೋಕೆ ಆಗೋದಿಲ್ಲ. ಇನ್ನು ಮೂರು ಲೋಡ್ ಇಳಿಸುವಾಗಲೇ ಸಮತಟ್ಟಲ್ಲಿ ನಿಲ್ಲಿಸಿ, ಮಾರನೇ ಬೆಳಗ್ಗೆ ಟೆಂಪರೇಚರ್ ತಪ್ಪಿಸಬೇಡಿ, ಅಂಕಿ ಇಲ್ಲಿ ಹಾಕಿ. ಸಮತಟ್ಟಲ್ಲಿ ಪೈಪ್ ಫಿಲ್ ಪಾಯಿಂಟಿಗೆ ಎಟುಕುತ್ತಾ?

ಕೇಳಿದವರು:
ಎರಡು ಮೀಟರ್ ಕಮ್ಮಿ ಬೀಳುತ್ತದೆ. ಉದ್ದದ ಪೈಪ್ ಇರುವ ಟ್ಯಾಂಕರ್ ಕಳಿಸಿ ಅಂತ ಕೇಳಿದ್ದೀನಿ. ಓನರ್‌ಗೆ ನಿಮ್ಮ ಲೆಕ್ಕ ತೋರಿಸಿದೆ. ಈ ತಿಂಗಳು ಯಾರದ್ದೂ ಹಿಡಿಯಲ್ಲ ಅಂದರು. ಹೋದ ತಿಂಗಳು ಹಿಡಿದ ದುಡ್ಡು ವಾಪಸ್ ಕೊಡಿ ಅಂತ ಸೋಮವಾರ ಮತ್ತೆ ಕೇಳ್ತೀನಿ.